ಪದಚರ್ಚೆ: ಗೆರೆಯ ತುದಿಯಲ್ಲೇ ಬರೆಯುವ ಹೆಸರಿಗೆ ಏನೆನ್ನಬೇಕು?

ಮಾನ್ಯರೇ,

ರೈತರಿಗಾಗಿ ಹೊರಡುವ ಮಾಸಿಕವೊಂದಕ್ಕೆ ನಾನು ರೇಖಾಚಿತ್ರಗಳನ್ನು ಸಿದ್ಧಪಡಿಸುತ್ತೇನೆ. ಕೆಆರ್‌ಎಸ್, ಹೇಮಾವತಿ, ಕಬಿನಿ, ಹಾರಂಗಿ ಈ ನಾಲ್ಕು ಜಲಾಶಯಗಳ ಸಂಗ್ರಹವನ್ನು ನಾಲ್ಕು ಬಣ್ಣದ ಗೆರೆಗಳಲ್ಲಿ ತೋರಿಸಿ, ಯಾವ ಬಣ್ಣ ಯಾವುದೆಂದು ಮೂಲೆಯ ಚೌಕದಲ್ಲಿ ಬರೆದಿದ್ದೆ. ಪುಟ ಕಪ್ಪು ಬಿಳುಪಿನಲ್ಲಿ ಅಚ್ಚಾಯಿತು. ಕೆಂಪು, ಹಸಿರು ಎರಡೂ ಒಂದೇ ಬೂದು ಬಣ್ಣವಾದವು. ಬಣ್ಣ ಉಳಿದಿದ್ದರೂ ಓದುವವರು ಗೆರೆಯಿಂದ ಚೌಕಕ್ಕೆ, ಚೌಕದಿಂದ ಗೆರೆಗೆ ನಾಲ್ಕು ಸಲ ಕಣ್ಣು ಓಡಿಸಬೇಕಿತ್ತು. ಈಗ ಚೌಕವನ್ನು ತೆಗೆದು, ಪ್ರತಿ ಗೆರೆ ಮುಗಿಯುವಲ್ಲಿಯೇ ಹೆಸರು ಬರೆಯುತ್ತಿದ್ದೇನೆ.

ಇದನ್ನು ಹೊಸಬರಿಗೆ ಕಲಿಸಲು ಎರಡು ಪದ ಬೇಕು. ಆ ಚೌಕಕ್ಕೆ, ಅಂದರೆ ಲೆಜೆಂಡ್‌ಗೆ, ಒಂದು ಅನುವಾದದಲ್ಲಿ ‘ದಂತಕಥೆ’ ಎಂದಿದ್ದುದನ್ನು ಕಂಡು ಬೇಸರವಾಯಿತು. ಇನ್ನೊಂದು, ಡೈರೆಕ್ಟ್ ಲೇಬಲಿಂಗ್. ‘ಲೇಬಲ್ ನೇರವಾಗಿ ಬರೆಯಿರಿ’ ಎಂದು ಸೂಚನೆ ಕೊಟ್ಟಿದ್ದೆ. ಕಲಿಯುತ್ತಿದ್ದ ಹುಡುಗ ಚೌಕವನ್ನು ಹಾಗೆಯೇ ಇಟ್ಟು, ಅದರೊಳಗಿನ ಅಕ್ಷರಗಳನ್ನು ಓರೆಯಾಗದಂತೆ ನೇರವಾಗಿ ಜೋಡಿಸಿಕೊಟ್ಟ. ತಪ್ಪು ಅವನದಲ್ಲ, ಪದದ್ದು.

— ಮೈಸೂರಿನಿಂದ

ಮೇಡಂ,

ಚಿತ್ರದ ಕೆಳಗೆ ಬರೆಯುವುದಕ್ಕೆ ನಮ್ಮ ಪತ್ರಿಕೆಯಲ್ಲಿ ‘ಅಡಿಬರಹ’ ಎನ್ನುತ್ತಿದ್ದೆವು. ಅದನ್ನೇ ಬಳಸಿ.

— ನಿವೃತ್ತ ಉಪಸಂಪಾದಕ

ಸರ್, ಅವರು ಕೇಳಿದ್ದು ಅದಲ್ಲ. ಅಡಿಬರಹ ಇಡೀ ಚಿತ್ರಕ್ಕೆ ಒಂದೇ. ಇದು ಪ್ರತಿ ಗೆರೆಗೂ ಬೇರೆ.

‘ದಂತಕಥೆ’ ಎಲ್ಲಿಂದ ಬಂತು ಎಂಬುದು ಸುಲಭ. ಲ್ಯಾಟಿನ್‌ನ ‘ಲೆಜೆಂಡಾ’ ಎಂದರೆ ಓದಬೇಕಾದವು. ಸಂತರ ಕಥೆಗಳನ್ನೂ ಓದಬೇಕಿತ್ತು, ನಕ್ಷೆಯ ಚಿಹ್ನೆಗಳ ವಿವರವನ್ನೂ ಓದಬೇಕಿತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಉಳಿಯಿತು, ಕನ್ನಡದಲ್ಲಿ ಹಾಗೆ ಬೆರೆಸುವ ಅಗತ್ಯವಿಲ್ಲ. ‘ಸೂಚಿ’ ಸಾಕು.

ಎರಡನೆಯದಕ್ಕೆ ‘ತುದಿಹೆಸರು’ ಎಂದರೆ ಹೇಗೆ? ಪದ ಹೊಸದು, ಕೆಲಸ ಹಳೆಯದು. 1786ರಲ್ಲಿ ವಿಲಿಯಂ ಪ್ಲೇಫೇರ್ ಇಂಗ್ಲೆಂಡಿನ ವ್ಯಾಪಾರದ ಚಿತ್ರಗಳನ್ನು ಪ್ರಕಟಿಸಿದಾಗ ‘ಆಮದಿನ ಗೆರೆ’, ‘ರಫ್ತಿನ ಗೆರೆ’ ಎಂದು ಗೆರೆಯ ಮೈಗುಂಟ ಬರೆದಿದ್ದ. ಹೆಸರು ಗೆರೆಯನ್ನು ಬಿಟ್ಟು ಚೌಕಕ್ಕೆ ಹೋದದ್ದೇ ಆಮೇಲೆ.

— ಕೋಶದ ಕೆಲಸದಲ್ಲಿರುವವನು, ಬೆಂಗಳೂರು

ಹಾಗಾದರೆ ಸೂಚಿಯನ್ನು ಎಲ್ಲ ಕಡೆಯಿಂದಲೂ ತೆಗೆದುಬಿಡಬೇಕು. ಎಕ್ಸೆಲ್‌ನಲ್ಲಿ ಗೆರೆಯ ಮೇಲೆ ಒಮ್ಮೆ ಒತ್ತಿದರೆ ಇಡೀ ಗೆರೆ ಆಯ್ಕೆಯಾಗುತ್ತದೆ. ಕೊನೆಯ ಬಿಂದುವಿನ ಮೇಲೆ ಇನ್ನೊಮ್ಮೆ ಒತ್ತಿದರೆ ಅದೊಂದೇ ಉಳಿಯುತ್ತದೆ. ಅದಕ್ಕೆ ಡೇಟಾ ಲೇಬಲ್ ಕೊಟ್ಟು, ಸಂಖ್ಯೆಯ ಬದಲು ಸರಣಿಯ ಹೆಸರನ್ನು ಆರಿಸಿದರೆ ಮುಗಿಯಿತು.

— ಅಂಕಿಅಂಶ ವಿಭಾಗದ ಉದ್ಯೋಗಿ

ವಿಧಾನ ಸರಿ, ‘ಎಲ್ಲ ಕಡೆ’ ಎಂಬುದು ಸರಿಯಲ್ಲ. ನಾನು ಭೂಗೋಳ ಕಲಿಸುತ್ತೇನೆ. ನಕ್ಷೆಯಲ್ಲಿ ಬಾವಿಯ ಚಿಹ್ನೆ ಅರವತ್ತು ಕಡೆ ಇದ್ದರೆ ಅರವತ್ತು ಸಲ ‘ಬಾವಿ’ ಎಂದು ಬರೆಯಲಾಗದು. ಅಲ್ಲಿ ಸೂಚಿಯೇ ಬೇಕು.

— ಶಿಕ್ಷಕಿ, ಧಾರವಾಡ

ನಾನು ನೀರಾವರಿ ಇಲಾಖೆಯಲ್ಲಿದ್ದವನು. ಆ ನಾಲ್ಕು ಜಲಾಶಯಗಳ ವಿಷಯದಲ್ಲಿಯೇ ಒಂದು ತೊಡಕು ಇದೆ. ಸಂಗ್ರಹವನ್ನು ಶೇಕಡಾವಾರು ಎಳೆದು, ನಾಲ್ಕೂ ತುಂಬಿದ ದಿನಕ್ಕೆ ಚಿತ್ರ ನಿಲ್ಲಿಸಿದರೆ ನಾಲ್ಕು ಗೆರೆಗಳೂ 100ರಲ್ಲಿ ಕೂಡುತ್ತವೆ. ಹೆಸರುಗಳು ಒಂದರ ಮೇಲೊಂದು ಬಿದ್ದು ಯಾವುದನ್ನೂ ಓದಲಾಗುವುದಿಲ್ಲ. ಟಿಎಂಸಿಯಲ್ಲಿ ಎಳೆದರೆ ಅದೇ ದಿನ ಕೆಆರ್‌ಎಸ್ 49.45ರಲ್ಲಿ, ಹೇಮಾವತಿ 37.10ರಲ್ಲಿ, ಕಬಿನಿ 19.52ರಲ್ಲಿ, ಹಾರಂಗಿ 8.50ರಲ್ಲಿ ನಿಲ್ಲುತ್ತವೆ, ತುದಿಗಳ ನಡುವೆ ಧಾರಾಳ ಜಾಗ. ಆದರೆ ‘ಎಷ್ಟು ಪಾಲು ತುಂಬಿದೆ’ ಎಂಬುದೇ ಓದುಗರ ಪ್ರಶ್ನೆಯಾದರೆ ಶೇಕಡಾವಾರನ್ನು ಬಿಡುವಂತಿಲ್ಲ. ಹೆಸರು ಬರೆಯುವ ಅನುಕೂಲಕ್ಕಾಗಿ ಅಳತೆಯನ್ನು ಬದಲಿಸಬಾರದು. ಆಗ ಜೂನ್‌ನಲ್ಲಿ ಗೆರೆಗಳು ಅಗಲಿರುವ ಕಡೆ, ಗೆರೆಯ ಪಕ್ಕದಲ್ಲಿಯೇ ಬರೆಯಿರಿ.

— ಮಂಡ್ಯದಿಂದ

ಹಿರಿಯರು ಹೇಳಿದ್ದು ನನಗೂ ಆಯಿತು, ಅದೂ ಕನ್ನಡದ ಕಾರಣಕ್ಕೆ ಇನ್ನಷ್ಟು ಬೇಗ. ‘ಕೃಷ್ಣರಾಜಸಾಗರ’ ಎಂದು ಪೂರ್ತಿ ಬರೆದಾಗ ಬಲಗಡೆಯ ಅಂಚು ಸಾಲದೆ ಕೊನೆಯ ‘ಗರ’ ಕತ್ತರಿಸಿಹೋಯಿತು. ಅದರ ‘ಷ್ಣ’ದ ಒತ್ತು ಕೆಳಗಿನ ಹೆಸರಿನ ‘ಹೇ’ಯ ಏತ್ವಕ್ಕೆ ತಾಗಿತು. ಬಲಗಡೆ ಜಾಗ ಬಿಟ್ಟು, ಎರಡು ಹೆಸರುಗಳನ್ನು ತುಸು ಮೇಲೆ ಕೆಳಗೆ ಸರಿಸಿ, ಅವುಗಳಿಂದ ಗೆರೆಯ ತುದಿಗೆ ತೆಳುವಾದ ಎಳೆ ಹಾಕಿದೆ. ಎಳೆ ಉದ್ದವಾದಷ್ಟೂ ಕಣ್ಣಿನ ಓಡಾಟ ಮತ್ತೆ ಶುರುವಾಗುತ್ತದೆ, ಹಾಗಾಗಿ ಎರಡಕ್ಕಿಂತ ಹೆಚ್ಚು ಹಾಕುವುದಿಲ್ಲ.

‘ಸೂಚಿ’ಯನ್ನು ಒಪ್ಪಿಕೊಂಡೆ. ‘ತುದಿಹೆಸರು’ ಮಾತ್ರ ಇನ್ನೂ ಕಾಡುತ್ತಿದೆ. ನಮ್ಮ ಹುಡುಗನಿಗೆ ಹೇಳಿದಾಗ ಅವನು ಅದನ್ನು ಮನೆತನದ ಹೆಸರು ಎಂದುಕೊಂಡ. ಮೇಲಾಗಿ ಜೂನ್‌ನ ಜಾಗದಲ್ಲಿ ಬರೆದರೆ ಅದು ತುದಿಯೂ ಅಲ್ಲ. ‘ಗೆರೆಹೆಸರು’ ಎಂದರೆ ಎರಡಕ್ಕೂ ಸಲ್ಲುತ್ತದೆಯೇ?

— ಮೈಸೂರಿನಿಂದ

ಸಲ್ಲುತ್ತದೆ. ಆದರೆ ಸೂಚಿಯೊಳಗೆ ಇರುವುದೂ ಗೆರೆಯ ಹೆಸರೇ ಅಲ್ಲವೇ? ಎಲ್ಲಿ ಬರೆದಿದೆ ಎಂಬ ಅರ್ಥ ಅದರಲ್ಲಿ ಇಲ್ಲ. ಎರಡು ದಿನ ಸಮಯ ಕೊಡಿ, ಯೋಚಿಸುತ್ತೇನೆ.

— ಕೋಶದ ಕೆಲಸದಲ್ಲಿರುವವನು