ದೊಡ್ಡಪ್ಪನ ಫೋಟೋಗೆ ಹಾರ ಹಾಕಿದೆ, ಅಂಟಿಸಿದ ಹಾಗೆ ಕಾಣುತ್ತಿದೆ

ಪ್ರಶ್ನೆ (ಚಿತ್ರದುರ್ಗದಿಂದ): ಸೋಮವಾರ ನಮ್ಮ ದೊಡ್ಡಪ್ಪನವರ ಶಿವಗಣಾರಾಧನೆ. ಆಹ್ವಾನ ಪತ್ರಿಕೆ ನಾನೇ ಮಾಡುತ್ತಿದ್ದೇನೆ. ಚಳ್ಳಕೆರೆ ಹತ್ತಿರ ಊರಲ್ಲಿ ಗೋಡೆಗೆ ಹಾಕಿರುವ 12x15 ಫ್ರೇಮನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದೆ. ಫೋಟೋಶಾಪಿನಲ್ಲಿ ಚೆಂಡು ಹೂವಿನ ಹಾರದ ಪಿಎನ್‌ಜಿ ಕೂರಿಸಿದೆ. ಅಂಚು ಚೆನ್ನಾಗಿ ಕಟ್ ಆಗಿದೆ, ನೆರಳೂ ಕೊಟ್ಟಿದ್ದೇನೆ. ಆದರೂ ದೊಡ್ಡಮ್ಮ ವಾಟ್ಸಾಪಿನಲ್ಲಿ ನೋಡಿ "ಸ್ಟಿಕ್ಕರ್ ಅಂಟಿಸ್ದಂಗೈತಲ್ಲೋ" ಅಂದರು. ಎಲ್ಲಿ ತಪ್ಪಿದೆ? ನಾಳೆ ಸಂಜೆ ದಾವಣಗೆರೆ ಪ್ರೆಸ್ಸಿಗೆ ಕಳಿಸಬೇಕು. ಚಿತ್ರ ಹಾಕಿದ್ದೇನೆ, ನೋಡಿ.

ಮೊಬೈಲಿನಲ್ಲೇ ಕಾರ್ಡ್ ಮಾಡುವ ಒಬ್ಬರು: ಬ್ರದರ್, ಇಷ್ಟು ಕಷ್ಟ ಬೇಡ. ಬಿಳಿ ಹಿನ್ನೆಲೆ ಇರುವ ಯಾವ ಹಾರದ ಫೋಟೋ ಆದರೂ ತಗೊಳ್ಳಿ, ಲೇಯರ್ ಮೋಡ್ `Multiply` ಮಾಡಿ. ಬಿಳಿ ತಾನಾಗೇ ಮಾಯ. ಕಟ್ ಮಾಡೋದೇ ಬೇಡ. ನಾನು ಎಲ್ಲಾ ಕಾರ್ಡಿಗೂ ಹೀಗೇ ಮಾಡೋದು.

ಹರಿಹರದಿಂದ ಒಬ್ಬ ಅಕ್ಕ: ಹಾರ ಯಾರಿಗೆ ಹಾಕ್ತೀರಿ ಅನ್ನೋದು ಮೊದಲು ನೋಡಿ ತಮ್ಮಾ. ನಮ್ಮ ಅಪ್ಪಾಜಿ ಪುಣ್ಯಸ್ಮರಣೆಗೆ ಅಪ್ಪ ಅಮ್ಮ ಒಟ್ಟಿಗೆ ಕೂತಿದ್ದ ಫೋಟೋ ಕೊಟ್ಟಿದ್ವಿ. ಅಮ್ಮ ಇನ್ನೂ ಇದ್ದಾರೆ. ಕಾರ್ಡ್ ಮಾಡಿದವರು ಇಡೀ ಫ್ರೇಮಿಗೆ ಹಾರ ಹಾಕಿ ಕಳಿಸಿಬಿಟ್ಟರು. ಮನೆಯಲ್ಲಿ ದೊಡ್ಡ ರಗಳೆ ಆಯ್ತು. 300 ಕಾರ್ಡ್ ಮತ್ತೆ ಹಾಕಿಸಿದ್ವಿ.

ಕಾರ್ಡ್ ಡಿಸೈನರ್, ದಾವಣಗೆರೆ: ಅಕ್ಕಾ, ಇಲ್ಲಿ ದೊಡ್ಡಪ್ಪನವರು ಒಬ್ಬರೇ ಇದ್ದಾರೆ, ಆ ತೊಂದರೆ ಇಲ್ಲ. ಆದರೆ ನೀವು ಹೇಳಿದ್ದು ನಮಗೂ ಪಾಠವೇ. ಜೋಡಿ ಫೋಟೋ ಬಂದರೆ ನಾನು ಮೊದಲು ಫೋನ್ ಮಾಡಿ ಕೇಳುತ್ತೇನೆ, ಇಬ್ಬರಲ್ಲಿ ಒಬ್ಬರನ್ನು ಬೇರೆ ಮಾಡಿದ ಮೇಲೆಯೇ ಹಾರಕ್ಕೆ ಕೈ ಹಾಕುತ್ತೇನೆ.

ಈಗ ಚಿತ್ರದ ವಿಷಯ. ನಿಮ್ಮ ಕಟಿಂಗ್‌ನಲ್ಲಿ ತಪ್ಪಿಲ್ಲ ಸರ್. ಹಾರ ಫ್ರೇಮಿನಿಂದ ಇಳಿಬಿದ್ದಿಲ್ಲ, ಅದೇ ತಪ್ಪು. ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಾರದ ಎರಡೂ ತುದಿ ಫ್ರೇಮಿನ ಮೇಲಂಚಿನ ಒಳಗೆ, ಮರದ ಪಟ್ಟಿಯ ಮೇಲೆಯೇ ಸುಮ್ನೆ ಮುಗಿದುಹೋಗಿದೆ. ಮನೆಯಲ್ಲಿ ಹಾರ ಹೇಗೆ ಹಾಕುತ್ತೀರಿ ಯೋಚಿಸಿ. ದಾರ ಫ್ರೇಮಿನ ಹಿಂದೆ ಮೊಳೆಗೆ ಹೋಗುತ್ತೆ. ಹೂವು ಮೇಲಂಚನ್ನು ದಾಟಿ ಮುಂದಕ್ಕೆ ಬರುತ್ತೆ. ಹಾಗಾಗಿ ಎರಡೂ ಮೂಲೆಯ ಹತ್ತಿರ ಒಂದೊಂದು ಹೂವು ಅರ್ಧದಷ್ಟು ಅಂಚಿನ ಮೇಲೆ ಇಣುಕಬೇಕು, ಅದರ ಹಿಂದಿನ ದಾರ ಕಾಣಬಾರದು. ನೀವು ಫ್ರೇಮಿನ ಅಂಚಿಗೆ ಸರಿಯಾಗಿ ಕ್ರಾಪ್ ಮಾಡಿಬಿಟ್ಟಿದ್ದೀರಿ, ಹೂವು ಇಣುಕಲು ಜಾಗವೇ ಇಲ್ಲ. ಮೂಲ ಫೋಟೋಗೆ ಹೋಗಿ. ಕೆಳಗಿನಿಂದ ತೆಗೆದದ್ದರಿಂದ ಫ್ರೇಮ್ ಮೇಲೆ ಕಿರಿದಾಗಿದೆ, `Perspective Crop` ನಿಂದ ನೆಟ್ಟಗೆ ಮಾಡಿ. ಆದರೆ ಸುತ್ತ ಒಂದೆರಡು ಬೆರಳಿನಷ್ಟು ಗೋಡೆ ಬಿಡಿ.

ಎರಡನೆಯದು ಹೂವಿನ ಗಾತ್ರ. ಇದನ್ನು ಯಾರೂ ಅಳೆಯುವುದಿಲ್ಲ, ಕಣ್ಣು ಮಾತ್ರ ತಕ್ಷಣ ಹಿಡಿದುಬಿಡುತ್ತೆ. ನಿಮ್ಮ ಫ್ರೇಮ್ ನಿಜದಲ್ಲಿ 12 ಇಂಚು ಅಗಲ. ಚೆಂಡು ಹೂವು ಸುಮಾರು 2 ಇಂಚು. ಅಂದರೆ ಒಂದು ಹೂವು ಫ್ರೇಮಿನ ಅಗಲದ ಆರನೇ ಒಂದು ಭಾಗ. ಕಾರ್ಡಿನಲ್ಲಿ ಫ್ರೇಮ್ ಎರಡೂವರೆ ಇಂಚು ಬರುತ್ತೆ ಅಂದುಕೊಳ್ಳಿ, 300 ರೆಸಲ್ಯೂಷನ್‌ಗೆ ಅದು 750 ಪಿಕ್ಸೆಲ್. ಹೂವು 125 ಪಿಕ್ಸೆಲ್ ಇರಬೇಕು, ಅಚ್ಚಾದಾಗ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಿಮ್ಮದರಲ್ಲಿ ಅಳೆದೆ, 45 ಪಿಕ್ಸೆಲ್ ಇದೆ. ಆ ಲೆಕ್ಕಕ್ಕೆ ಹೂವು ಅಡಿಕೆಗಿಂತ ಸಣ್ಣದು! ಸ್ಟೇಜಿಗೆ ಹಾಕುವ ಉದ್ದನೆಯ ಹಾರವನ್ನು ಕುಗ್ಗಿಸಿ ಕೂರಿಸಿದರೆ ಹೀಗೇ ಆಗೋದು.

ಇಡೀ ಹಾರವನ್ನು ಕುಗ್ಗಿಸಬೇಡಿ. ಅದರಿಂದ ನಾಲ್ಕೈದು ಹೂವಿನ ತುಂಡು ಕತ್ತರಿಸಿಕೊಳ್ಳಿ, ಅದನ್ನೇ ನಕಲು ಮಾಡಿ ಕೆಳಕ್ಕೆ ಜೋಡಿಸುತ್ತಾ ಬನ್ನಿ. ಪ್ರತಿ ತುಂಡನ್ನೂ ಸ್ವಲ್ಪ ತಿರುಗಿಸಿ, ಇಲ್ಲಾಂದರೆ ಒಂದೇ ಹೂವು ಮತ್ತೆ ಮತ್ತೆ ಕಾಣುತ್ತೆ. ಎರಡು ಬದಿಯೂ ನೇರ ಕೆಳಕ್ಕೆ ಇಳಿಯಲಿ, ಕೆಳಗೆ ಮಾತ್ರ `Edit > Transform > Warp` ನಿಂದ ಬಾಗಿಸಿ. ಹಾರಕ್ಕೆ ಭಾರ ಇದೆ ಅಲ್ವಾ, ಮಧ್ಯದಲ್ಲೇ ಗುಂಡಗೆ ಉಬ್ಬುವುದಿಲ್ಲ. ಕುಚ್ಚು ಎದೆಯ ಕೆಳಗೆ ಬರಲಿ, ಮುಖದ ಹತ್ತಿರ ಒಂದು ಎಸಳೂ ಬೇಡ.

ಮೊಬೈಲಿನಲ್ಲೇ ಕಾರ್ಡ್ ಮಾಡುವವರು: ನಾನು ಹೇಳಿದ `Multiply` ಬಗ್ಗೆ ಏನೂ ಹೇಳಲಿಲ್ಲ ಸರ್?

ಕಾರ್ಡ್ ಡಿಸೈನರ್: ಬಿಳಿ ಕಾರ್ಡಿನ ಮೇಲೆ ಬರೀ ಹಾರ ಇಡೋದಾದರೆ ನಿಮ್ಮ ಉಪಾಯ ಸರಿ ಇದೆ. ಫ್ರೇಮಿನ ಮೇಲೆ ಕೆಡುತ್ತೆ. ಆ ಮೋಡ್ ಕೆಳಗಿನ ಬಣ್ಣವನ್ನು ಹೂವಿಗೂ ಬೆರೆಸಿಬಿಡುತ್ತೆ. ಗೋಡೆಯ ಮೇಲೆ ಕೇಸರಿ ಕೇಸರಿಯಾಗೇ ಇರುತ್ತೆ, ಕಂದು ಮರದ ಮೇಲೆ ಬಂದ ತಕ್ಷಣ ಅದೇ ಹೂವು ಕಾಫಿಪುಡಿ ಬಣ್ಣ ಆಗುತ್ತೆ, ಮರದ ಗೆರೆ ಹೂವಿನೊಳಗೆ ಕಾಣುತ್ತೆ. ಸುಗಂಧರಾಜದ ಹಾರ ಆಗಿದ್ದರೆ ಹೂವೇ ಇರಲ್ಲ. ನೆರಳಿಗೆ ಮಾತ್ರ ಆ ಮೋಡ್ ಇಡಿ, ಹೂವಿಗೆ ಬೇಡ.

ಪ್ರಶ್ನೆ ಕೇಳಿದವರು: ಹೂವು ದೊಡ್ಡದು ಮಾಡಿದೆ ಸರ್, ಮೇಲಂಚಿನಲ್ಲಿ ಅರ್ಧ ಹೂವು ಇಣುಕಿಸಿದೆ. ಒಮ್ಮೆಗೇ ಬೇರೆ ಥರ ಆಯ್ತು. ಆದರೂ ಕೆಳಗಿನ ಕುಚ್ಚು ಗಾಜಿಗೆ ಮೆತ್ತಿಕೊಂಡ ಹಾಗಿದೆ. ಶ್ಯಾಡೋ ಅಂತೂ ಇದೆಯಲ್ಲ?

ಕಾರ್ಡ್ ಡಿಸೈನರ್: ಇದೆ, ಆದರೆ ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿದೆ. ಗೋಡೆಗೆ ತೂಗಿದ ಫ್ರೇಮನ್ನು ಪಕ್ಕದಿಂದ ನೋಡಿದ್ದೀರಾ? ಮೇಲ್ಭಾಗ ಮುಂದಕ್ಕೆ ಬಾಗಿರುತ್ತೆ, ಕೆಳಗಿನ ಅಂಚು ಗೋಡೆಗೆ ತಾಗಿರುತ್ತೆ. ಹಾರ ಮಾತ್ರ ನೆಟ್ಟಗೆ ಇಳಿಬಿದ್ದಿರುತ್ತೆ. ಹಾಗಾಗಿ ಮೇಲೆ ಹೂವು ಮರಕ್ಕೆ ತಾಗಿಕೊಂಡಿದ್ದರೆ, ಕೆಳಗೆ ಕುಚ್ಚು ಗಾಜಿನಿಂದ ದೂರ ಇರುತ್ತೆ. ಮೇಲೆ ನೆರಳು ಹೂವಿಗೆ ಅಂಟಿಕೊಂಡು ಗಾಢವಾಗಿರಬೇಕು. ಕೆಳಗೆ ಬರುತ್ತಾ ಪಕ್ಕಕ್ಕೆ ಸರಿಯಬೇಕು, ಮಸುಕಾಗಬೇಕು.

ಲೇಯರ್ ಸ್ಟೈಲ್ ಒಂದರಿಂದ ಇದು ಬರಲ್ಲ. ಮೊದಲು `Drop Shadow` ದಲ್ಲಿ `Use Global Light` ತೆಗೆಯಿರಿ. ನಿಮ್ಮ ಫ್ರೇಮಿನ ನಿಜವಾದ ನೆರಳು ಗೋಡೆಯ ಮೇಲೆ ಬಲಕ್ಕೆ ಬಿದ್ದಿದೆ, ಕಿಟಕಿ ಎಡಕ್ಕಿದೆ ಅಂತಾಯ್ತು. ಹಾರದ ನೆರಳೂ ಬಲಕ್ಕೇ ಬೀಳಬೇಕು. ಈಗ ಎಡಕ್ಕೆ ಬಿದ್ದಿದೆ ನೋಡಿ! ಆಮೇಲೆ ಹಾರದ ಲೇಯರಿನ `fx` ಮೇಲೆ ರೈಟ್ ಕ್ಲಿಕ್ ಮಾಡಿ `Create Layers` ಕೊಟ್ಟರೆ ನೆರಳು ಬೇರೆ ಲೇಯರ್ ಆಗುತ್ತೆ. ಅದನ್ನು ಎರಡು ಮಾಡಿಕೊಳ್ಳಿ. ಒಂದು 4 ಪಿಕ್ಸೆಲ್ ದೂರದ್ದು, ಮೇಲಿನ ಅರ್ಧಕ್ಕೆ. ಇನ್ನೊಂದು 12 ಪಿಕ್ಸೆಲ್ ಸರಿಸಿ ಸ್ವಲ್ಪ ಬ್ಲರ್ ಕೊಟ್ಟಿದ್ದು, ಕೆಳಗಿನ ಅರ್ಧಕ್ಕೆ. ಮಧ್ಯೆ ಮಾಸ್ಕಿನಲ್ಲಿ ಗ್ರೇಡಿಯಂಟ್ ಎಳೆದು ಬೆರೆಸಿ. ಬಣ್ಣ ಕಪ್ಪು ಬೇಡ, ಫ್ರೇಮಿನ ಮರದಿಂದಲೇ ಕಡು ಕಂದು ಎತ್ತಿಕೊಳ್ಳಿ, ಒಪ್ಯಾಸಿಟಿ 40ರ ಆಸುಪಾಸು. ಈ ಅಂಕಿ ನಿಮ್ಮ 750 ಪಿಕ್ಸೆಲ್ ಫ್ರೇಮಿಗೆ ಮಾತ್ರ. ಫೋಟೋ ದೊಡ್ಡದಾದರೆ ಅಷ್ಟೇ ಪಾಲು ಹೆಚ್ಚಿಸಿ.

ಇನ್ನೊಂದು ಕೇಳಬೇಕು. ಗಾಜಿನ ಮೇಲೆ ಟ್ಯೂಬ್‌ಲೈಟ್ ಗೆರೆ ಹೊಳೆಯುತ್ತಿದೆಯಲ್ಲ, ಅದನ್ನು ಮುಚ್ಚಲು ಹಾರವನ್ನು ಬಲಕ್ಕೆ ಎಳೆದಿದ್ದೀರಾ?

ಪ್ರಶ್ನೆ ಕೇಳಿದವರು: ಹೌದು ಸರ್, ಸಿಕ್ಕಿಬಿದ್ದೆ.

ಕಾರ್ಡ್ ಡಿಸೈನರ್: ಹಾರ ಒಂದೇ ಕಡೆ ವಾಲಿರುವುದಕ್ಕೆ ಕಾರಣ ಅದೇ. ಊರಲ್ಲಿರುವ ಯಾರಿಗಾದರೂ ಹೇಳಿ ಇನ್ನೊಂದು ಫೋಟೋ ತೆಗೆಸಿ. ಟ್ಯೂಬ್‌ಲೈಟ್ ಆರಿಸಿ, ಹಗಲಲ್ಲಿ. ತೆಗೆಯುವವರ ಹಿಂದೆ ಇನ್ನೊಬ್ಬರು ಕಪ್ಪು ಕಂಬಳಿ ಅಗಲಿಸಿ ಹಿಡಿದರೆ ಗಾಜಿನಲ್ಲಿ ಏನೂ ಕಾಣಲ್ಲ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಫೋಟೋ ಆಗಿ ಬೇಡ.

ಹೂವಿನ ವ್ಯಾಪಾರಿ, ಚಿತ್ರದುರ್ಗ: ಇಷ್ಟೆಲ್ಲಾ ಓದಿ ನನಗೆ ನಗು ಬಂತು ಸ್ವಾಮಿ. ಹೇಗೂ ಇನ್ನೊಂದು ಫೋಟೋ ತೆಗೆಸುತ್ತೀರಲ್ಲ, ಎರಡೂವರೆ ಮೊಳ ಹಾರ ತಂದು ನಿಜವಾಗಿಯೇ ಹಾಕಿ ತೆಗೆಸಿ. 12x15ಕ್ಕೆ ಅಷ್ಟು ಸಾಕು, ಹಿಂದೆ ಕಟ್ಟೋಕೂ ಸೇರಿ.

ಕಾರ್ಡ್ ಡಿಸೈನರ್: ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನೆರಳು, ಗಾತ್ರ, ಇಳಿಬೀಳುವ ರೀತಿ ಎಲ್ಲಾ ಪುಕ್ಕಟೆ ಸಿಗುತ್ತೆ. ನನ್ನ ಹತ್ತಿರ ಬರುವವರಿಗೂ ಮೊದಲು ಇದನ್ನೇ ಹೇಳುತ್ತೇನೆ. ಬೆಳಿಗ್ಗೆ ಹಾಕಿದ ತಕ್ಷಣ ಫೋಟೋ ತೆಗೆಯಿರಿ, ಮಧ್ಯಾಹ್ನಕ್ಕೆ ಎಸಳು ಬಾಡುತ್ತೆ.

ಪ್ರೆಸ್ಸಿನಲ್ಲಿ ಕೆಲಸ ಮಾಡುವವರು, ದಾವಣಗೆರೆ: ಯಾವುದೇ ಮಾಡಿ, ನಮಗೆ ಕಳಿಸುವಾಗ ಫ್ರೇಮು, ಹಾರ, ನೆರಳು ಎಲ್ಲಾ ಒಂದೇ ಲೇಯರಿಗೆ `Flatten Image` ಮಾಡಿ ಕಳಿಸಿ. ಹಾರವನ್ನು ಬೇರೆ ಪಿಎನ್‌ಜಿ ಆಗಿ ಕೋರೆಲ್‌ಗೆ ತಂದವರ ಕಾರ್ಡಿನಲ್ಲಿ ನೆರಳಿನ ಸುತ್ತ ತೆಳ್ಳಗೆ ಬಿಳಿ ಚೌಕ ಬಂದದ್ದು ನೋಡಿದ್ದೇವೆ. ಸ್ಕ್ರೀನಿನಲ್ಲಿ ಕಾಣಲ್ಲ, ಅಚ್ಚಿನಲ್ಲಿ ಬರುತ್ತೆ. ಮತ್ತೆ ಸಿಎಂವೈಕೆ ಮಾಡಿ ನೋಡಿ. ಮೊಬೈಲಿನಲ್ಲಿ ಹೊಳೆಯುವ ಆ ಕೇಸರಿ ಅಚ್ಚಿನಲ್ಲಿ ಇಲ್ಲ. ಹೂವಿನ ಬೆಳಕಿರುವ ಭಾಗದಲ್ಲಿ ಸಯಾನ್ ಸೇರಿಕೊಂಡಿದ್ದರೆ ತೆಗೆಯಿರಿ, ಇಲ್ಲಾಂದರೆ ಮಣ್ಣು ಬಣ್ಣ.

ಪ್ರಶ್ನೆ ಕೇಳಿದವರು: ನಿಜವಾದ ಹಾರದ ಬಗ್ಗೆ ಮನೆಯಲ್ಲಿ ಕೇಳಿದೆ. ದೊಡ್ಡಮ್ಮ ಬೇಡ ಅಂದರು. ಸೋಮವಾರ ಸ್ವಾಮಿಗಳು ಬಂದ ಮೇಲೆಯೇ ಫೋಟೋಗೆ ಹೂವು ಏರಿಸಬೇಕಂತೆ, ಬರೀ ಕಾರ್ಡಿಗೆ ಅಂತ ಹಾಕಿ ತೆಗೆಯೋದು ಅವರಿಗೆ ಇಷ್ಟ ಇಲ್ಲ. ಹಾಗಾದರೆ ಫೋಟೋಶಾಪಿನಲ್ಲಿ ಹಾಕೋದು ಸರಿನಾ ಅಂದೆ, ಅದಕ್ಕೆ ಸುಮ್ಮನಾದರು. ಫ್ರೇಮನ್ನು ಮಾತ್ರ ಟ್ಯೂಬ್‌ಲೈಟ್ ಆರಿಸಿ ಮತ್ತೆ ತೆಗೆಸುತ್ತಿದ್ದೇನೆ.

ಹೂವಿನ ವ್ಯಾಪಾರಿ: ನಮ್ಮ ಕಡೆ ಹಾಗೇನೂ ಇಲ್ಲಪ್ಪ, ಫೋಟೋ ಗೋಡೆಗೆ ಹತ್ತಿದ ದಿನವೇ ಹಾರ ಹಾಕುತ್ತೇವೆ.

ಹರಿಹರದ ಅಕ್ಕ: ನಮ್ಮಲ್ಲೂ ದೊಡ್ಡಮ್ಮ ಹೇಳಿದ ಹಾಗೇ. ಅವರ ಮಾತೇ ಕೇಳಿ ತಮ್ಮಾ.

ಪ್ರಶ್ನೆ ಕೇಳಿದವರು: ಹೊಸ ಫೋಟೋ ಬಂತು, ಗಾಜಿನಲ್ಲಿ ಗೆರೆ ಇಲ್ಲ. ನೆರಳು ಎರಡು ಲೇಯರ್ ಮಾಡಿದೆ, ಬಲಕ್ಕೆ ತಿರುಗಿಸಿದೆ. ದೊಡ್ಡಮ್ಮನಿಗೆ ಕಳಿಸಿದೆ. ಈ ಸಲ ಹಾರದ ಬಗ್ಗೆ ಮಾತೇ ಇಲ್ಲ, "ಅವರ ಹಣೆ ಮೇಲೆ ವಿಭೂತಿ ಸ್ವಲ್ಪ ಮಸುಕಾಗೈತೆ, ತಿದ್ದು" ಅಂದರು.