ಶಾಕ್ ಕೊಟ್ಟು ಸರಿಪಡಿಸಿದ ಹೃದಯದ ಲಯ ಮತ್ತೆ ತಪ್ಪಿದೆ, ಗೊರಕೆ ಕಾರಣವಿರಬಹುದೇ?

ತಿಪಟೂರಿನ ಸದಸ್ಯೆ: ನಮ್ಮ ಯಜಮಾನರಿಗೆ 54 ವರ್ಷ, ಕೊಬ್ಬರಿ ವ್ಯಾಪಾರ. ಎದೆಬಡಿತ ಏರುಪೇರಾದಾಗ ಏಟ್ರಿಯಲ್ ಫಿಬ್ರಿಲೇಷನ್ ಎಂದು ಹೇಳಿ ಶಾಕ್ ಕೊಟ್ಟು ಸರಿಪಡಿಸಿದ್ದರು. ನಾಲ್ಕೇ ತಿಂಗಳಲ್ಲಿ ಅದು ಮರಳಿದೆ. ಇನ್ನೊಮ್ಮೆ ಶಾಕ್ ಕೊಡುವ ಮೊದಲು ನಿದ್ರೆಯ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದಾರೆ. ಗೊರಕೆ ಮದುವೆಯಾದಾಗಿನಿಂದಲೂ ಇದೆ. ಅದಕ್ಕೂ ಹೃದಯಕ್ಕೂ ಏನು ಸಂಬಂಧ ಡಾಕ್ಟರೇ?

ಹೃದ್ರೋಗ ವೈದ್ಯರು, ತುಮಕೂರು: ಅಮ್ಮಾ, ಗೊರಕೆಯ ಸದ್ದಿಗಿಂತ ಅದರ ನಡುವಿನ ಮೌನವನ್ನು ಗಮನಿಸಿ. ಜೋರಾಗಿ ಗೊರೆಯುತ್ತಿದ್ದವರು ತಟ್ಟನೆ ನಿಲ್ಲಿಸಿ, ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಉಸಿರಿಲ್ಲದೆ, ಹೊಟ್ಟೆ ಎದೆ ಮಾತ್ರ ಏರಿಳಿಯುತ್ತಿದ್ದು, ಆಮೇಲೆ ಬಿಕ್ಕಿದಂತೆ ಸದ್ದು ಮಾಡಿ ಮಗ್ಗುಲು ಬದಲಿಸಿದರೆ, ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಹೋಗುತ್ತಿದೆ ಎಂದರ್ಥ. ಸ್ಲೀಪ್ ಆಪ್ನಿಯ ಎನ್ನುವುದು ಇದನ್ನೇ. ಒಂದೇ ಸಮನೆ ನಡೆಯುವ ಗೊರಕೆ ಅಷ್ಟು ಕಳವಳಕಾರಿಯಲ್ಲ.

ದಾರಿ ಮುಚ್ಚಿದ್ದರೂ ಎದೆ ಗಾಳಿಯನ್ನು ಎಳೆಯುವ ಯತ್ನವನ್ನು ಬಿಡುವುದಿಲ್ಲ. ಒಳಗೆ ಗಾಳಿ ಬಾರದೆ ಎದೆಗೂಡಿನ ಒತ್ತಡ ಕುಸಿಯುತ್ತದೆ. ಆ ಸೆಳೆತಕ್ಕೆ ಹೃದಯದ ಮೇಲ್ಕೋಣೆಗಳು, ಅವುಗಳ ಗೋಡೆ ತೆಳುವಾದ್ದರಿಂದ, ಹೊರಮುಖವಾಗಿ ಹಿಗ್ಗುತ್ತವೆ. ಜೊತೆಗೆ ರಕ್ತದ ಆಮ್ಲಜನಕ ಇಳಿಯುತ್ತದೆ, ಬಡಿತ ನಿಧಾನವಾಗುತ್ತದೆ. ಕೊನೆಗೆ ಮೆದುಳು ಗಾಬರಿಯಿಂದ ಎಚ್ಚರಿಸಿದಾಗ ಬಡಿತವೂ ಬಿ.ಪಿ.ಯೂ ಒಮ್ಮೆಲೆ ಏರುತ್ತವೆ. ರಾತ್ರಿಗೆ ನೂರಾರು ಬಾರಿಯಂತೆ ವರ್ಷಗಟ್ಟಲೆ ಇದು ನಡೆದರೆ ಮೇಲ್ಕೋಣೆ ದೊಡ್ಡದಾಗಿ, ಅದರ ಗೋಡೆಯಲ್ಲಿ ಗಾಯದ ಕಲೆಯಂಥ ನಾರು ಬೆಳೆದು, ವಿದ್ಯುತ್ ಸಂಕೇತ ದಾರಿ ತಪ್ಪಿ ಸುತ್ತತೊಡಗುತ್ತದೆ. ಶಾಕ್ ಆ ಸುತ್ತಾಟವನ್ನು ಒಮ್ಮೆ ನಿಲ್ಲಿಸುತ್ತದೆಯೇ ಹೊರತು ಗೋಡೆಯನ್ನು ಸರಿಪಡಿಸುವುದಿಲ್ಲ. ರಾತ್ರಿಯೂ ಇಳಿಯದ ಬಿ.ಪಿ.ಯ ವಿರುದ್ಧ ದುಡಿಯುವ ಕೆಳಕೋಣೆ ಕ್ರಮೇಣ ದಪ್ಪವಾಗಿ ಬಿಗಿಯುವುದು ಹೃದಯ ವೈಫಲ್ಯದ ದಾರಿ.

ಅವರು ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಾರೆಯೇ? ಹಿಗ್ಗಿದ ಮೇಲ್ಕೋಣೆ ಮೂತ್ರವನ್ನು ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತದೆ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಎಂದು ಅಲೆದವರಲ್ಲಿ ಕೆಲವರಿಗೆ ಮೂಲ ಇದೇ ಆಗಿರುತ್ತದೆ.

ಗುಬ್ಬಿಯ ಔಷಧ ಅಂಗಡಿಯವರು: ತೂಕ ಇಳಿಸಿದರೆ ಇದು ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ನಿದ್ರೆ ಕೆಡದಂತೆ ಸಣ್ಣ ಮಾತ್ರೆಯೊಂದನ್ನು ಕೊಡಬಹುದು. ಪರೀಕ್ಷೆಗೆ ಸಾವಿರಾರು ರೂಪಾಯಿ ಏಕೆ, ಮಲಗಿದಾಗ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದರಾಯಿತು.

ಹೃದ್ರೋಗ ವೈದ್ಯರು: ತೂಕದ ಮಾತು ಸರಿ, ಇಳಿದಷ್ಟೂ ಅಡಚಣೆ ಕಡಿಮೆಯಾಗುತ್ತದೆ, ಆದರೆ ಗದ್ದ ಹಿಂದಕ್ಕಿರುವ ತೆಳ್ಳಗಿನವರಲ್ಲೂ ಈ ತೊಂದರೆಯಿದೆ. ಮಾತ್ರೆಯನ್ನು ಮಾತ್ರ ದಯವಿಟ್ಟು ಕೊಡಬೇಡಿ. ನಿದ್ರೆಮಾತ್ರೆಗಳಲ್ಲಿ ಹಲವು ಮದ್ಯದಂತೆಯೇ ಗಂಟಲ ಸ್ನಾಯುವನ್ನು ಇನ್ನಷ್ಟು ಸಡಿಲಿಸಿ, ಎಚ್ಚರವಾಗುವುದನ್ನು ತಡಮಾಡುತ್ತವೆ. ಬೆರಳಿಗೆ ಸಿಕ್ಕಿಸುವಾಗಲೇ ಮಲಗಿದವರು ಅರೆ ಎಚ್ಚರಗೊಂಡು ಉಸಿರಾಡುವುದರಿಂದ ಆಕ್ಸಿಮೀಟರಿನಲ್ಲಿ 96 ಎಂದು ಕಾಣುತ್ತದೆ. ಇಡೀ ರಾತ್ರಿಯ ದಾಖಲೆ ಬೇಕು. ಈಗ ಮನೆಯಲ್ಲೇ ಮೂಗಿನ ಗಾಳಿ, ಎದೆಯ ಚಲನೆ, ಆಮ್ಲಜನಕ ಮೂರನ್ನೂ ಅಳೆಯುವ ಪರೀಕ್ಷೆ ಲಭ್ಯವಿದೆ.

ಪಾವಗಡದ ಸದಸ್ಯರು: ಸಾರ್, ನಮ್ಮ ತಾಯಿಗೆ ಹೃದಯದ ಪಂಪಿಂಗ್ ಶೇಕಡಾ 30 ಎಂದು ಎಕೋದಲ್ಲಿ ಬಂದಿದೆ. ಅವರಿಗೂ ನಿದ್ರೆಯಲ್ಲಿ ಉಸಿರು ಜೋರಾಗುತ್ತಾ ಹೋಗಿ, ಮೆಲ್ಲಗಾಗಿ, ನಿಂತು, ಮತ್ತೆ ಶುರುವಾಗುತ್ತದೆ. ಗೊರಕೆ ಅಷ್ಟಾಗಿ ಇಲ್ಲ. ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ, ಪರಿಚಯದವರು ಬಳಸಿದ್ದು, ಕಡಿಮೆ ಬೆಲೆಗೆ ಸಿಗುತ್ತಿದೆ, ಕೊಳ್ಳಬಹುದೇ?

ಹೃದ್ರೋಗ ವೈದ್ಯರು: ಈಗ ಕೊಳ್ಳಬೇಡಿ. ನೀವು ವರ್ಣಿಸಿದ್ದು ಗಂಟಲು ಮುಚ್ಚುವ ಕಾಯಿಲೆಯಂತೆ ಕಾಣುವುದಿಲ್ಲ. ದುರ್ಬಲ ಹೃದಯದಿಂದಾಗಿ ಮೆದುಳಿಗೆ ಉಸಿರಿನ ಲೆಕ್ಕ ತಡವಾಗಿ ತಲುಪಿ, ಮೆದುಳೇ ಉಸಿರಾಟದ ಆದೇಶವನ್ನು ಆಗಾಗ ನಿಲ್ಲಿಸುವ ಬಗೆ ಇರಬಹುದು. ಅಲ್ಲಿ ಹೃದಯ ವೈಫಲ್ಯ ಕಾರಣ, ಉಸಿರು ನಿಲ್ಲುವುದು ಪರಿಣಾಮ. ಪ್ರತಿ ಉಸಿರಿಗೂ ತಕ್ಕಂತೆ ಗಾಳಿಯ ನೆರವನ್ನು ಬದಲಿಸುವ ಒಂದು ಬಗೆಯ ಯಂತ್ರವನ್ನು ಇಂಥ ರೋಗಿಗಳಲ್ಲಿ ಪ್ರಯೋಗಿಸಿದಾಗ ಹೃದಯಸಂಬಂಧಿ ಸಾವು ಹೆಚ್ಚಾದದ್ದು 2015ರಲ್ಲಿ ಪ್ರಕಟವಾಯಿತು. ಮೊದಲು ಹೃದಯದ ಔಷಧಿಗಳನ್ನು ಸರಿಯಾದ ಪ್ರಮಾಣಕ್ಕೆ ತರಬೇಕು. ತಾಯಿಯವರನ್ನು ನೋಡುವ ವೈದ್ಯರಿಗೆ ಈ ಉಸಿರಾಟದ ವಿಡಿಯೊ ತೋರಿಸಿ.

ತಿಪಟೂರಿನ ಸದಸ್ಯೆ: ಡಾಕ್ಟರೇ, ಪರೀಕ್ಷೆ ಆಯಿತು. ಗಂಟೆಗೆ 38 ಸಲ ಉಸಿರು ಕಟ್ಟುತ್ತಿದೆ, ಆಮ್ಲಜನಕ 74ಕ್ಕೆ ಇಳಿದಿದೆ ಎಂದು ಬಂದಿದೆ. ಸಿಪ್ಯಾಪ್ ಯಂತ್ರ ತಂದಿದ್ದೇವೆ. ಅದರ ಪರದೆಯಲ್ಲಿ ಈಗ 3 ಎಂದು ತೋರಿಸುತ್ತಿದೆ. ಆದರೆ ಅವರು ನಡುರಾತ್ರಿ ಮುಖವಾಡ ಕಿತ್ತಿಟ್ಟು ಮಲಗುತ್ತಾರೆ. ವಾಸಿಯಾದಂತೆ ಅಲ್ಲವೇ?

ಹೃದ್ರೋಗ ವೈದ್ಯರು: ಗಂಟೆಗೆ 30 ದಾಟಿದರೆ ತೀವ್ರ ಎಂದೇ ಲೆಕ್ಕ. ಪರದೆಯ 3 ಎಂಬುದು ಮುಖವಾಡ ಹಾಕಿದ್ದ ಹೊತ್ತಿನ ಸಂಖ್ಯೆ ಮಾತ್ರ. ಏಳು ಗಂಟೆ ಮಲಗಿ ಮೂರು ಗಂಟೆ ಮಾತ್ರ ಹಾಕಿಕೊಂಡರು ಎನ್ನೋಣ. ಮೂರು ಗಂಟೆಗೆ 9 ಸಲ, ಉಳಿದ ನಾಲ್ಕು ಗಂಟೆಗೆ 152 ಸಲ. ಒಟ್ಟು 161ನ್ನು ಏಳರಿಂದ ಭಾಗಿಸಿದರೆ ಗಂಟೆಗೆ 23 ಉಳಿಯಿತು. ಅದರಲ್ಲೂ ಕನಸಿನ ನಿದ್ರೆ ಬೆಳಗಿನ ಜಾವದತ್ತ ಹೆಚ್ಚು, ಸ್ನಾಯುಗಳು ತೀರಾ ಸಡಿಲವಾಗುವುದೂ ಆಗಲೇ. ಆದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೇ ಇರಬಹುದು. ಯಂತ್ರದ ದಾಖಲೆಯಲ್ಲಿ ಬಳಸಿದ ಗಂಟೆಗಳನ್ನೂ ಗಾಳಿಯ ಸೋರಿಕೆಯನ್ನೂ ನೋಡಿ. ಕಿತ್ತಿಡಲು ಕಾರಣ ಬಹುತೇಕ ಒಣಗಿದ ಮೂಗು ಇಲ್ಲವೇ ಅಳತೆ ಹೊಂದದ ಮುಖವಾಡ. ಗಾಳಿಗೆ ತೇವ ಕೊಡುವ ಜೋಡಣೆಯಿಂದಲೋ ಬೇರೆ ಅಳತೆಯ ಮುಖವಾಡದಿಂದಲೋ ಎಷ್ಟೋ ಜನ ಹೊಂದಿಕೊಂಡಿದ್ದಾರೆ.

ಶಿರಾದ ನಿವೃತ್ತ ಶಿಕ್ಷಕರು: ಆದರೆ ಈ ಯಂತ್ರದಿಂದ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಕಡಿಮೆಯಾಗಲಿಲ್ಲವೆಂದು ದೊಡ್ಡ ಅಧ್ಯಯನವೇ ಹೇಳಿದೆಯಂತಲ್ಲ?

ಹೃದ್ರೋಗ ವೈದ್ಯರು: ಹೌದು ಮೇಷ್ಟ್ರೇ, 2016ರ ಆ ಪ್ರಯೋಗದಲ್ಲಿ ಕಡಿಮೆಯಾಗಲಿಲ್ಲ. ಅದರಲ್ಲಿ ಸರಾಸರಿ ಬಳಕೆ ರಾತ್ರಿಗೆ ಮೂರು ಗಂಟೆಯಿಂದ ಸ್ವಲ್ಪ ಮೇಲೆ, ಅಂದರೆ ಮೇಲಿನ ಲೆಕ್ಕದ ಸ್ಥಿತಿಯೇ. ಆದರೂ ಎಲ್ಲ ಹೊಣೆಯನ್ನು ಬಳಕೆಯ ಮೇಲೆ ಹೊರಿಸಲಾರೆ. ಶಾಕ್ ಪಡೆದ ಆಪ್ನಿಯ ರೋಗಿಗಳನ್ನು ಗಮನಿಸಿದ 2003ರ ವರದಿಯಲ್ಲಿ, ಚಿಕಿತ್ಸೆಯಿಲ್ಲದವರಲ್ಲಿ ಶೇಕಡಾ 82 ಮಂದಿಗೆ, ಚಿಕಿತ್ಸೆ ಪಡೆದವರಲ್ಲಿ ಶೇಕಡಾ 42 ಮಂದಿಗೆ ವರ್ಷದೊಳಗೆ ಲಯ ಮತ್ತೆ ತಪ್ಪಿತ್ತು. ಆದರೆ ಯಂತ್ರವನ್ನು ತಪ್ಪದೆ ಬಳಸುವವರು ಮಾತ್ರೆ, ಊಟ ಎಲ್ಲದರಲ್ಲೂ ಶಿಸ್ತಿನವರಾಗಿರಬಹುದು. ಆ ಬಳಿಕ, ಬಂದು ಹೋಗುವ ಬಗೆಯ ಫಿಬ್ರಿಲೇಷನ್ ಇದ್ದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಯಂತ್ರ ಕೊಟ್ಟು ಕೆಲವು ತಿಂಗಳು ನೋಡಿದಾಗ ಇಂಥ ವ್ಯತ್ಯಾಸ ಕಾಣಲಿಲ್ಲ. ಹಿಗ್ಗಿ ನಾರುಗಟ್ಟಿದ ಗೋಡೆ ಅಷ್ಟರಲ್ಲಿ ಬದಲಾಗದು ಎಂಬುದು ನನ್ನ ಅನುಮಾನ, ಸಾಬೀತಾದ ಮಾತಲ್ಲ.

ತಿಪಟೂರಿನ ಸದಸ್ಯೆ: ಹಾಗಿದ್ದರೆ ಶಾಕ್ ಈಗಲೇ ಕೊಡಿಸುವುದೋ, ಕಾಯುವುದೋ? ಯಂತ್ರ ಬಳಸಿದರೆ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬಹುದೇ?

ಹೃದ್ರೋಗ ವೈದ್ಯರು: ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಸಿಪ್ಯಾಪ್ ಕಳೆಯುವುದಿಲ್ಲ, ಶಾಕ್ ನಂತರದ ವಾರಗಳಲ್ಲಂತೂ ಅದು ಬೇಕೇ ಬೇಕು. ಏದುಸಿರು, ತಲೆಸುತ್ತು, ಕಾಲುಬಾವು ಇದ್ದರೆ ಶಾಕನ್ನು ಮುಂದೂಡುವಂತಿಲ್ಲ. ಅವೇನೂ ಇಲ್ಲದೆ ಬಡಿತದ ವೇಗ ಹತೋಟಿಯಲ್ಲಿದ್ದರೆ, ಕೆಲವು ವಾರ ಯಂತ್ರವನ್ನು ಇಡೀ ರಾತ್ರಿ ಬಳಸಿ ಆಮೇಲೆ ಪ್ರಯತ್ನಿಸಲು ನಾನಾದರೆ ಹೇಳುತ್ತೇನೆ. ಬೇರೆ ವೈದ್ಯರು ಕಾಯದೆಯೂ ಇರಬಹುದು. ಮುಂದಿನ ಭೇಟಿಗೆ ಹಳೆಯ ಎಕೋ ವರದಿಯನ್ನೂ ಯಂತ್ರದ ಮೆಮೊರಿ ಕಾರ್ಡನ್ನೂ ಒಯ್ಯಿರಿ. ಎಡ ಮೇಲ್ಕೋಣೆಯ ಅಳತೆ ನೋಡಿಯೇ ನಿಮ್ಮ ವೈದ್ಯರು ನಿರ್ಧರಿಸಬೇಕು.