ಕೀವರ್ಡ್ ಇಲ್ಲ, ಆದರೆ ಅರ್ಥ ಆಗಿದೆ: ಎಷ್ಟು ಅಂಕ ಕೊಡ್ತೀರಿ?

ಕೇಳಿದವರು: ಪ್ರಶ್ನೆ ಇದು: ‘ಕುದಿಸಿ ಆರಿಸಿದ ಅಮೈಲೇಸ್ ಪಿಷ್ಟವನ್ನು ಯಾಕೆ ಒಡೆಯುವುದಿಲ್ಲ?’ 3 ಅಂಕ. ಸ್ಕೀಮಿನಲ್ಲಿ ಒಂದೊಂದು ಅಂಕಕ್ಕೆ ಒಂದೊಂದು ಮಾತು: ಡಿನೇಚರ್ ಆಗಿದೆ, ಆಕ್ಟಿವ್ ಸೈಟಿನ ಆಕಾರ ಬದಲಾಗಿದೆ, ಸಬ್‌ಸ್ಟ್ರೇಟ್ ಕೂರುವುದಿಲ್ಲ. ಒಬ್ಬ ಹುಡುಗಿ ಬರೆದದ್ದು: ‘ಬಿಸಿಗೆ ಅಮೈಲೇಸಿನ ಆಕಾರ ಕೆಟ್ಟಿದೆ. ಪಿಷ್ಟ ಬಂದು ಕೂರುವ ಜಾಗ ಮೊದಲಿನ ಹಾಗಿಲ್ಲ, ಅದಕ್ಕೇ ಪಿಷ್ಟ ಅಲ್ಲಿ ಕೂರಲ್ಲ. ತಣ್ಣಗಾದರೂ ಸರಿಹೋಗಲ್ಲ.’ ಮೂರು ಪದಗಳಲ್ಲಿ ಒಂದೂ ಇಲ್ಲ. ಏನು ಮಾಡಲಿ?

ಹೊಸ ಶಿಕ್ಷಕ: ಕಣ್ಣು ಮುಚ್ಚಿ 3 ಕೊಡಿ. ವಿಷಯ ಗೊತ್ತಿದೆ, ಪದ ಯಾವುದಾದರೇನು? ನಮ್ಮ ತರಗತಿಯಲ್ಲಿ ‘ಬಿಸಿಗೆ ಎಂಜೈಮ್ ಒಡೆದು ಅಮೈನೋ ಆಮ್ಲವಾಗುತ್ತದೆ’ ಎಂದು ಬರೆದವರಿಗೂ ಕೊಟ್ಟಿದ್ದೇನೆ. ಕೆಲಸ ನಿಂತಿದೆ ಎಂಬುದು ಬಂತಲ್ವಾ?

ಹಿರಿಯ ಪರೀಕ್ಷಕಿ: ಸರ್, ಈ ಹುಡುಗಿಯ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ಅಮೈನೋ ಆಮ್ಲದ ಉತ್ತರ ಬೇರೆ ಪದದಲ್ಲಿ ಹೇಳಿದ ಸರಿ ಉತ್ತರವಲ್ಲ, ತಪ್ಪು ಉತ್ತರ. ಕುದಿಸಿದಾಗ ಮಡಿಕೆಗಳನ್ನು ಹಿಡಿದಿಟ್ಟ ದುರ್ಬಲ ಬಂಧಗಳು ಬಿಡುತ್ತವೆ. ಅಮೈನೋ ಆಮ್ಲಗಳ ಸರಪಳಿ ಹಾಗೇ ಉಳಿಯುತ್ತದೆ. ಸರಪಳಿಯೇ ತುಂಡಾಗುವುದು ಜೀರ್ಣಕ್ರಿಯೆಯಲ್ಲಿ.

ಕೇಳಿದವರಿಗೆ: ಸ್ಕೀಮಿನ ಪ್ರತಿ ಸಾಲಿಗೂ ‘ಈ ಅಂಕ ಯಾವ ವಿಚಾರಕ್ಕೆ?’ ಎಂದು ಕೇಳಿಕೊಳ್ಳಿ. ಮೂರನೆಯದರಿಂದ ಶುರು ಮಾಡಿ, ಅದೇ ಸುಲಭ. ಇಲ್ಲಿ ಸಬ್‌ಸ್ಟ್ರೇಟ್ ಎಂದರೆ ಪಿಷ್ಟವೇ, ಅದನ್ನು ಅವಳು ಹೆಸರು ಹಿಡಿದೇ ಹೇಳಿದ್ದಾಳೆ. ಕೊಡಿ. ಎರಡನೆಯದಕ್ಕೆ ಸುಮ್ನೆ ‘ಆಕಾರ ಬದಲಾಯಿತು’ ಎಂದಿದ್ದರೆ ನಾನು ಕೊಡುತ್ತಿರಲಿಲ್ಲ, ಯಾವುದರ ಆಕಾರ ಎಂದು ಗೊತ್ತಾಗಬೇಕು. ‘ಪಿಷ್ಟ ಬಂದು ಕೂರುವ ಜಾಗ’ ಎಂದಾಗ ಆಕ್ಟಿವ್ ಸೈಟ್ ಬಿಟ್ಟು ಬೇರೇನೂ ಆಗಲು ಸಾಧ್ಯವಿಲ್ಲ. ಅದನ್ನೂ ಕೊಡಿ.

ತಲೆ ಕೆಡಿಸುವುದು ಮೊದಲನೆಯದು. ಅದು ಪದಕ್ಕೆ ಇಟ್ಟ ಅಂಕವೋ, ವಿಚಾರಕ್ಕೆ ಇಟ್ಟದ್ದೋ? ಸ್ಕೀಮಿನಲ್ಲಿ ಆ ಪದಕ್ಕೆ ಅಡಿಗೆರೆ ಇದ್ದರೆ ಸಾಮಾನ್ಯವಾಗಿ ಪದವೇ ಬೇಕು ಎಂದರ್ಥ. ಪ್ರಶ್ನೆ ‘ಈ ಬದಲಾವಣೆಯನ್ನು ಹೆಸರಿಸಿ’ ಎಂದಿದ್ದರೂ ಅಷ್ಟೇ. ಇಲ್ಲಿ ಕೇಳಿರುವುದು ‘ಯಾಕೆ’. ತಣ್ಣಗಾದರೂ ಸರಿಹೋಗಲ್ಲ ಎಂಬ ಸಾಲು ನೋಡಿ. ಫ್ರಿಜ್‌ನಲ್ಲಿಟ್ಟ ಅಮೈಲೇಸ್ ನಿಧಾನವಾಗುತ್ತದೆ, ಬೆಚ್ಚಗಾದರೆ ಮತ್ತೆ ಕೆಲಸ ಮಾಡುತ್ತದೆ. ಕುದಿಸಿದ್ದು ಹಾಗಲ್ಲ. ಆ ವ್ಯತ್ಯಾಸ ಅವಳಿಗೆ ಗೊತ್ತಿದೆ. ನಾನಾದರೆ 3.

ಕಾಲೇಜು ಉಪನ್ಯಾಸಕ: ನಾನು 2ಕ್ಕೆ ನಿಲ್ಲಿಸುತ್ತೇನೆ. ಡಿನೇಚರ್ ಎಂದರೆ ಮಡಿಕೆ ಕಳೆದುಕೊಳ್ಳುವುದು, ವಾಪಸ್ ಬರದಿರುವುದು ಅದರ ಲಕ್ಷಣವಲ್ಲ. ರೈಬೋನ್ಯೂಕ್ಲಿಯೇಸ್‌ನಂಥ ಪ್ರೋಟೀನು ಅನುಕೂಲ ಸಿಕ್ಕರೆ ತಿರುಗಿ ಮಡಚಿಕೊಳ್ಳುತ್ತದೆ. ಇನ್ನು ‘ಆಕಾರ ಕೆಟ್ಟಿದೆ’ ಮತ್ತು ‘ಜಾಗ ಮೊದಲಿನ ಹಾಗಿಲ್ಲ’ ಎರಡೂ ಒಂದೇ ವಿಚಾರ. ಒಂದಕ್ಕೆ ಎರಡು ಅಂಕ ಯಾಕೆ?

ಹಿರಿಯ ಪರೀಕ್ಷಕಿ: ಇಡೀ ಅಣುವಿನ ಆಕಾರ ಒಂದು, ಆ ಒಂದು ಜಾಗದ ಆಕಾರ ಇನ್ನೊಂದು. ಸ್ಕೀಮೇ ಅವನ್ನು ಬೇರೆ ಮಾಡಿದೆ, ಅವಳೂ ಎರಡು ವಾಕ್ಯದಲ್ಲಿ ಬರೆದಿದ್ದಾಳೆ. ರೈಬೋನ್ಯೂಕ್ಲಿಯೇಸ್ ಮಾತು ಒಪ್ಪುತ್ತೇನೆ, ಆದರೆ ಶಾಲೆಯ ಪ್ರಶ್ನೆಗೆ ಅದು ಸ್ವಲ್ಪ ಜಾಸ್ತಿಯಾಯಿತು ಸರ್.

ಒಬ್ಬ ತಾಯಿ: ನನ್ನ ಮಗನಿಗೂ ಹೀಗೇ ಆಯಿತು! ‘ಮೈಯೋಟಾಸಿಸ್’ ಎಂದು ಬರೆದದ್ದಕ್ಕೆ ಸೊನ್ನೆ. ಒಂದಕ್ಷರದ ತಪ್ಪಿಗೆ ಹೀಗಾ?

ಹಿರಿಯ ಪರೀಕ್ಷಕಿ: ಅಮ್ಮಾ, ಅದು ಬೇರೆ ವಿಷಯ. ಅದು ಮೈಟಾಸಿಸ್ ಎಂದೂ ಓದಬಹುದು, ಮಿಯಾಸಿಸ್ ಎಂದೂ ಓದಬಹುದು. ಎರಡೂ ಬೇರೆ ಬೇರೆ ವಿಭಜನೆ. ಅವನು ಯಾವುದನ್ನು ಹೇಳಿದ ಎಂದು ಗೊತ್ತಾಗದಿದ್ದರೆ ಪರೀಕ್ಷಕರು ಊಹಿಸಿ ಕೊಡುವಂತಿಲ್ಲ.

ಕೇಳಿದವರು: ಇದು ನಮ್ಮ ಶಾಲೆಯ ಟೆಸ್ಟ್ ಅಲ್ಲ, ಕೇಂದ್ರದಲ್ಲಿ ನಡೆಯುವ ಮೌಲ್ಯಮಾಪನ. ನಾನೊಬ್ಬಳೇ ನಿರ್ಧರಿಸಬಹುದಾ?

ಹಿರಿಯ ಪರೀಕ್ಷಕಿ: ಬೇಡ. ನೀವು 3 ಕೊಟ್ಟು ಪಕ್ಕದ ಮೇಜಿನವರು 0 ಕೊಟ್ಟರೆ ಆ ಮಕ್ಕಳಿಗೆ ಅನ್ಯಾಯ. ಅವಳ ವಾಕ್ಯವನ್ನು ಇದ್ದಂತೆಯೇ ಚೀಟಿಯಲ್ಲಿ ಬರೆದು ಮುಖ್ಯ ಪರೀಕ್ಷಕರಿಗೆ ತೋರಿಸಿ. ‘ಈ ಹುಡುಗಿ ಜಾಣೆ’ ಎನ್ನಬೇಡಿ, ‘ಕೂರುವ ಜಾಗ ಎಂಬುದನ್ನು ಆಕ್ಟಿವ್ ಸೈಟ್ ಎಂದು ಒಪ್ಪಬಹುದಾ?’ ಎಂದಷ್ಟೇ ಕೇಳಿ. ಒಪ್ಪಿದರೆ ಎಲ್ಲ ಮೇಜಿಗೂ ಹೇಳಿಸಿ. ಆಗಲೇ ತಿದ್ದಿದ ಪತ್ರಿಕೆಗಳನ್ನೂ ಮತ್ತೆ ತೆಗೆದು ನೋಡಬೇಕಾಗುತ್ತದೆ. ಇದು ಯಾರಿಗೂ ಇಷ್ಟವಿಲ್ಲದ ಕೆಲಸ, ಅದಕ್ಕೇ ಮೊದಲ ಕಟ್ಟಿನಲ್ಲೇ ಕೇಳುವುದು ಒಳ್ಳೆಯದು.

ಕೇಳಿದವರು: ಸರಿ ಮೇಡಂ. ಅದೇ ಕಟ್ಟಿನಲ್ಲಿ ಇನ್ನೊಂದಿದೆ: ‘ಅಮೈಲೇಸ್ ಡಿನೇಚರ್ ಆಗಿ ಸತ್ತುಹೋಗುತ್ತದೆ. ಆಕ್ಟಿವ್ ಸೈಟಿಗೆ ಸಬ್‌ಸ್ಟ್ರೇಟ್ ಸಿಗುವುದಿಲ್ಲ.’ ಪದ ಮೂರೂ ಇವೆ.

ಕಾಲೇಜು ಉಪನ್ಯಾಸಕ: 1. ಡಿನೇಚರ್‌ಗೆ ಮಾತ್ರ. ಸಬ್‌ಸ್ಟ್ರೇಟ್ ಸಿಗುವುದಿಲ್ಲ ಎನ್ನುವುದು ತಪ್ಪು, ಪಿಷ್ಟ ಕೊಳವೆಯಲ್ಲೇ ಇದೆಯಲ್ಲ. ಅಯೋಡಿನ್ ಹಾಕಿದರೆ ಕಡುನೀಲಿ ಬರುತ್ತದೆ.

ಹಿರಿಯ ಪರೀಕ್ಷಕಿ: ನಾನು ಆ ಒಂದಕ್ಕೂ ಅನುಮಾನಿಸುತ್ತೇನೆ. ಎಂಜೈಮ್ ಜೀವಿಯಲ್ಲ, ಸಾಯುವುದಿಲ್ಲ. ಡಿನೇಚರ್ ಪಕ್ಕದಲ್ಲೇ ‘ಸತ್ತುಹೋಗುತ್ತದೆ’ ಎಂದರೆ ಆ ಪದವನ್ನು ಬಾಯಿಪಾಠ ಮಾಡಿದ್ದಾನೆ ಅನಿಸುತ್ತದೆ. ಇದನ್ನೂ ಚೀಟಿಗೆ ಸೇರಿಸಿ.